ಒಂದಕ್ಷರದ ತಪ್ಪಿಗೆ ಒಂದು ಅರ್ಜಿ

‘ಸವಿತಾ’ ಎಂದರೆ ಒಬ್ಬಳು, ‘ಸರಿತಾ’ ಎಂದರೆ ಇನ್ನೊಬ್ಬಳು. ಇವೆರಡರ ನಡುವಿನ ಅಂತರ ಒಂದೇ ಅಕ್ಷರ. ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಎದುರು ಆ ಒಂದಕ್ಷರ ಬದಲಾಗಿ ಕುಳಿತರೆ, ಕಾಗದದ ಲೋಕದಲ್ಲಿ ಆ ಮಗಳಿಗೆ ಬೇರೊಬ್ಬ ತಾಯಿ ಹುಟ್ಟಿಕೊಂಡಂತೆಯೇ ಸರಿ. ಹತ್ತು ಹದಿನಾಲ್ಕು ವರ್ಷ ಆ ಪತ್ರ ಕಬ್ಬಿಣದ ಬೀರುವಿನಲ್ಲಿ ಸುಖವಾಗಿ ನಿದ್ರಿಸುತ್ತದೆ. ಪಾಸ್‌ಪೋರ್ಟಿಗೋ ವಿದ್ಯಾರ್ಥಿವೇತನಕ್ಕೋ ಅದನ್ನು ಹೊರತೆಗೆದ ದಿನವೇ ಪೇಚಾಟ ಆರಂಭ.

ಇಂಥ ಸಂದರ್ಭದಲ್ಲಿ ಮನೆಯ ಯಜಮಾನರು ಒಂದು ಹಾಳೆ ತೆಗೆದುಕೊಂಡು, “ನಮ್ಮ ಮಗಳ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದೆ, ದಯವಿಟ್ಟು ಸರಿಪಡಿಸಿ ಕೊಡಬೇಕಾಗಿ ಪ್ರಾರ್ಥನೆ” ಎಂದು ಬರೆದು ಕಚೇರಿಗೆ ಒಯ್ಯುತ್ತಾರೆ. ವಿನಯದಲ್ಲಿ ಈ ಅರ್ಜಿಗೆ ಕೊರತೆಯಿಲ್ಲ. ಆದರೂ ಅದು ಕಡತದಲ್ಲಿ ಮಲಗಿಬಿಡುತ್ತದೆ, ಏಕೆಂದರೆ ಅದನ್ನು ಓದಿದ ಗುಮಾಸ್ತನಿಗೆ ಯಾವ ಪುಸ್ತಕದ ಯಾವ ದಾಖಲೆಯಲ್ಲಿ ಏನನ್ನು ಏನೆಂದು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಒಳ್ಳೆಯ ಅರ್ಜಿಯ ಕೆಲಸ ಅದನ್ನು ತಿಳಿಸುವುದು. ಅದಕ್ಕೆ ಮೊದಲು ಬರೆಯುವವರಿಗೇ ಒಂದು ವಿಷಯ ಗೊತ್ತಿರಬೇಕು: ತಪ್ಪು ಎಲ್ಲಿ ಹುಟ್ಟಿತು?

ತಪ್ಪು ಹುಟ್ಟಿದ ಸ್ಥಳ

ನಮ್ಮ ಕೈಯಲ್ಲಿರುವ ಪ್ರಮಾಣಪತ್ರ ಮೂಲ ದಾಖಲೆಯಲ್ಲ, ಅದೊಂದು ನಕಲು. ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಅಲ್ಲಿನ ಅಧಿಕಾರಿ ಒಂದು ಜನನ ವರದಿಯನ್ನು ತುಂಬಿ ಜನನ ಮರಣ ನೋಂದಣಾಧಿಕಾರಿಗೆ ಕಳುಹಿಸಬೇಕು ಎಂಬುದು 1969ರ ಜನನ ಮರಣ ನೋಂದಣಿ ಅಧಿನಿಯಮದ ನಿಯಮ. ಆ ವರದಿಯಿಂದ ನೋಂದಣಿಯ ದಾಖಲೆ ಏರ್ಪಡುತ್ತದೆ; ಆ ದಾಖಲೆಯಿಂದ ಪ್ರಮಾಣಪತ್ರ ಹೊರಡುತ್ತದೆ. ಬೆಟ್ಟದ ಊಟೆಯಿಂದ ಹೊಳೆಗೆ, ಹೊಳೆಯಿಂದ ಮನೆಯ ಕೊಡಕ್ಕೆ ನೀರು ಬಂದಂತೆ. ಕೊಡದ ನೀರು ಕದಡಿದ್ದರೆ ಕೊಡವನ್ನಷ್ಟೇ ತೊಳೆದರೆ ಸಾಲದು. ಎಲ್ಲಿ ಕದಡಿತೆಂದು ಮೇಲಕ್ಕೆ ಹೋಗಿ ನೋಡಬೇಕು.

ಹೀಗೆ ನೋಡಿದಾಗ ಮೂರು ಬಗೆಯ ಸಂಗತಿಗಳು ಸಿಗುತ್ತವೆ. ಮೊದಲನೆಯದು, ದಾಖಲೆಯಲ್ಲಿ ‘ಸವಿತಾ’ ಎಂದೇ ಇದ್ದು ನಕಲು ಮಾಡುವಾಗ ಮಾತ್ರ ‘ಸರಿತಾ’ ಆಗಿರುವುದು. ಇಲ್ಲಿ ತಿದ್ದಬೇಕಾದ ದಾಖಲೆಯೇ ಇಲ್ಲ. ಸರಿಯಾದ ನಕಲನ್ನು ಮತ್ತೊಮ್ಮೆ ಕೊಡಿರೆಂದು ಕೇಳಿದರೆ ಸಾಕು. ಎರಡನೆಯದು, ಆಸ್ಪತ್ರೆಯ ವರದಿಯಲ್ಲಿ ಹೆಸರು ಸರಿಯಾಗಿದ್ದು, ನೋಂದಣಿಯ ದಾಖಲೆಯಲ್ಲಿ ತಪ್ಪಿರುವುದು. ಇದು ಬರವಣಿಗೆಯ ತಪ್ಪು, ಅಂದರೆ ಕೈತಪ್ಪು. ಮೂರನೆಯದು, ವರದಿಯಲ್ಲಿಯೇ ಹೆಸರು ತಪ್ಪಾಗಿ ಬಿದ್ದಿರುವುದು. ಹೆರಿಗೆಯ ಗಲಿಬಿಲಿಯಲ್ಲಿ ಹೆಸರು ಕೇಳಲು ಬಂದ ದಾದಿಗೆ ಅಜ್ಜಿ ಮನೆಯಲ್ಲಿ ಕರೆಯುವ ಹೆಸರನ್ನು ಹೇಳಿರುತ್ತಾರೆ. ‘ಸವಿತಾ’ ಎನ್ನುವ ಬದಲು ‘ಪುಟ್ಟಮ್ಮ’ ಎಂದು ದಾಖಲಾಗಿರುತ್ತದೆ. ಇಲ್ಲಿ ಗುಮಾಸ್ತ ತಪ್ಪಿಲ್ಲ. ಅವನಿಗೆ ಬಂದ ಸಂಗತಿಯೇ ತಪ್ಪು. ಇದನ್ನು ಕಾನೂನು ಸಾರದಲ್ಲಿನ ತಪ್ಪೆಂದು ಎಣಿಸುತ್ತದೆ, ಅದಕ್ಕೆ ಬೇರೆ ಬಗೆಯ ಸಾಕ್ಷ್ಯವನ್ನೂ ಕೇಳುತ್ತದೆ.

ಈ ಮೂರರಲ್ಲಿ ನಮ್ಮದು ಯಾವುದೆಂದು ತಿಳಿಯಲು ಎರಡು ಕಡೆ ಹೋಗಬೇಕು. ನೋಂದಣಿಯ ದಾಖಲೆಯನ್ನು ಹುಡುಕಿಸಿ ಅದರ ನಕಲನ್ನು ಪಡೆಯುವ ಹಕ್ಕನ್ನು ಅದೇ ಅಧಿನಿಯಮದ 17ನೆಯ ಪ್ರಕರಣ ಎಲ್ಲರಿಗೂ ಕೊಟ್ಟಿದೆ. ನಿಗದಿಯಾದ ಶುಲ್ಕ ತೆತ್ತು ಹೊಸ ನಕಲನ್ನು ಪಡೆಯಬಹುದು. ಮೂಲ ಪುಸ್ತಕದಿಂದಲೇ ನೋಡಿ ಕೊಡಿರೆಂದು ಕೇಳುವುದು ಲೇಸು. ಅದರಲ್ಲಿಯೂ ‘ಸರಿತಾ’ ಎಂದೇ ಬಂದರೆ ತಪ್ಪು ದಾಖಲೆಯಲ್ಲಿಯೇ ಇದೆ. ಅನಂತರ ಆಸ್ಪತ್ರೆಗೆ ಹೋಗಿ, ತಾವು ಕಳುಹಿಸಿದ ಜನನ ವರದಿಯ ಪ್ರತಿಯಲ್ಲಿ ಏನಿದೆಯೆಂದು ತಿಳಿಸುವ ಪತ್ರವನ್ನು ಕೇಳಬೇಕು. ಈ ಎರಡು ಕಾಗದಗಳು ಕೈಗೆ ಬಂದರೆ ಅರ್ಜಿಯ ಅರ್ಧ ಕೆಲಸ ಮುಗಿದಂತೆ.

ಯಾರಿಗೆ ಬರೆಯಬೇಕು?

ಜನನದ ದಾಖಲೆ ಇರುವುದು ಮಗು ಹುಟ್ಟಿದ ಊರಿನಲ್ಲಿ. ನಾವು ಈಗ ವಾಸಿಸುವ ಊರಿನಲ್ಲಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆಯಾದುದರಿಂದ, ಬೆಂಗಳೂರಿನ ಸಂಸಾರದ ಅನೇಕ ಮಕ್ಕಳ ದಾಖಲೆಗಳು ತಾಯಿಯ ತವರೂರಿನಲ್ಲಿರುತ್ತವೆ. ಪ್ರಮಾಣಪತ್ರದ ಕೆಳಗಿರುವ ಮುದ್ರೆಯನ್ನು ನೋಡಿದರೆ ಯಾವ ನೋಂದಣಾಧಿಕಾರಿ ಎಂಬುದು ತಿಳಿಯುತ್ತದೆ. ಅರ್ಜಿಯನ್ನು ಆ ಹುದ್ದೆಗೆ ಬರೆಯಬೇಕೇ ಹೊರತು ವ್ಯಕ್ತಿಯ ಹೆಸರಿಗಲ್ಲ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಹುದ್ದೆ ಅಲ್ಲಿಯೇ ಇರುತ್ತದೆ.

ಅರ್ಜಿ ಕನ್ನಡದಲ್ಲಿರಲು ಯಾವ ಸಂಕೋಚವೂ ಬೇಡ. 1963ರ ರಾಜಭಾಷಾ ಅಧಿನಿಯಮದಂತೆ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೆ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದ್ದರೆ, ಎರಡನ್ನೂ ಹೇಗೆ ತಿದ್ದಬೇಕೆಂದು ಕಾಣಿಸುವುದು ಅಗತ್ಯ. ನಮ್ಮವರು ‘ತ’ಕಾರಕ್ಕೆ ಇಂಗ್ಲಿಷಿನಲ್ಲಿ ಕೆಲವೊಮ್ಮೆ ‘ಟಿ’ಯೊಂದನ್ನೇ, ಕೆಲವೊಮ್ಮೆ ‘ಟಿ’ ಮತ್ತು ‘ಎಚ್’ ಎರಡನ್ನೂ ಹಾಕುತ್ತಾರೆ. ಕನ್ನಡದ ತಪ್ಪು ತಿದ್ದಿಸಿಕೊಂಡು ಬಂದ ಮೇಲೆ ಇಂಗ್ಲಿಷಿನಲ್ಲಿ ಒಂದು ‘ಎಚ್’ ಹೆಚ್ಚಾಗಿದೆಯೆಂದು ಮತ್ತೆ ಅಲೆಯುವುದು ಯಾರಿಗೆ ಬೇಕು? ತಾಯಿಯ ಶಾಲಾ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ, ಒಂದೊಂದಕ್ಷರವನ್ನೂ ನೋಡಿ ಬರೆಯಬೇಕು.

ಒಂದು ಮಾದರಿ

ಈಗ ಒಂದು ಅರ್ಜಿಯನ್ನೇ ಬರೆದು ನೋಡೋಣ. ಇಲ್ಲಿನ ಹೆಸರು, ಸಂಖ್ಯೆ, ದಿನಾಂಕಗಳೆಲ್ಲ ಉದಾಹರಣೆಗಾಗಿ ಕಲ್ಪಿಸಿದವು. ಸಂಗತಿ ಇಷ್ಟು: ಮಗಳು ಹುಟ್ಟಿದ್ದು 14-6-2011ರಂದು. ಜನನ ನೋಂದಣಿಯಾದದ್ದು 22-6-2011ರಂದು. ನಾಮಕರಣದ ಬಳಿಕ ಮಗುವಿನ ಹೆಸರನ್ನು ಸೇರಿಸಿ ಪ್ರಮಾಣಪತ್ರ ಕೊಟ್ಟದ್ದು 9-1-2012ರಂದು. ಆಸ್ಪತ್ರೆಯ ವರದಿಯಲ್ಲಿ ತಾಯಿಯ ಹೆಸರು ಸರಿಯಾಗಿದೆ. ನೋಂದಣಿಯ ದಾಖಲೆಯಲ್ಲಿ ತಪ್ಪಿದೆ. ತಾಯಿಯೇ ಅರ್ಜಿದಾರಳು.

ಇವರಿಂದ:
ಶ್ರೀಮತಿ ಸವಿತಾ ಆರ್.
(ಮನೆಯ ಸಂಖ್ಯೆ, ರಸ್ತೆ, ಊರು, ಪಿನ್‌ಕೋಡ್, ದೂರವಾಣಿ)

ದಿನಾಂಕ: 3-11-2025

ಇವರಿಗೆ:
ಜನನ ಮರಣ ನೋಂದಣಾಧಿಕಾರಿಗಳು
ನಗರಸಭೆ ಕಾರ್ಯಾಲಯ
(ಊರು, ಜಿಲ್ಲೆ)

ಮಾನ್ಯರೇ,

ವಿಷಯ: ಜನನ ನೋಂದಣಿಯ ದಾಖಲೆಯಲ್ಲಿ ತಾಯಿಯ ಹೆಸರನ್ನು ತಿದ್ದುಪಡಿ ಮಾಡುವಂತೆ ಕೋರಿ.

ಉಲ್ಲೇಖ: ನೋಂದಣಿ ಸಂಖ್ಯೆ 1187/2011, ನೋಂದಣಿಯ ದಿನಾಂಕ 22-6-2011, ತಮ್ಮ ಕಾರ್ಯಾಲಯದಿಂದ 9-1-2012ರಂದು ನೀಡಲಾದ ಜನನ ಪ್ರಮಾಣಪತ್ರ.

ನನ್ನ ಮಗಳು ಮೇಘನಾ ಎಂಬುವಳು 14-6-2011ರಂದು ತಮ್ಮ ನಗರದ ಆಸ್ಪತ್ರೆಯಲ್ಲಿ ಜನಿಸಿದ್ದು, ಆ ಜನನವು ಮೇಲ್ಕಂಡ ಸಂಖ್ಯೆಯಲ್ಲಿ ನೋಂದಣಿಯಾಗಿರುತ್ತದೆ.

ಸದರಿ ದಾಖಲೆಯಲ್ಲಿ ತಾಯಿಯ ಹೆಸರು ‘ಸರಿತಾ ಆರ್.’ ಎಂದಿದೆ. ಅದು ‘ಸವಿತಾ ಆರ್.’ ಎಂದಿರಬೇಕು. ಇಂಗ್ಲಿಷಿನಲ್ಲಿ ಇರಬೇಕಾದ ರೂಪವನ್ನು ಲಗತ್ತಿಸಿದ ಅಂಕಪಟ್ಟಿಯಲ್ಲಿ ಇರುವಂತೆ ಪ್ರತ್ಯೇಕ ಹಾಳೆಯಲ್ಲಿ ದೊಡ್ಡಕ್ಷರಗಳಲ್ಲಿ ಬರೆದಿದ್ದೇನೆ. ದಾಖಲೆಯ ಉಳಿದ ವಿವರಗಳು ಸರಿಯಾಗಿವೆ.

ಆಸ್ಪತ್ರೆಯಿಂದ ತಮಗೆ ಕಳುಹಿಸಲಾದ ಜನನ ವರದಿಯಲ್ಲಿ ತಾಯಿಯ ಹೆಸರು ‘ಸವಿತಾ ಆರ್.’ ಎಂದೇ ಇದ್ದು, ದಾಖಲೆ ಮಾಡುವಾಗ ಒಂದಕ್ಷರ ವ್ಯತ್ಯಾಸವಾಗಿರುವುದು ಕಂಡುಬರುತ್ತದೆ. ಈ ಬಗ್ಗೆ ಆಸ್ಪತ್ರೆಯ ಪತ್ರವನ್ನು ಲಗತ್ತಿಸಿದ್ದೇನೆ. ಮಗಳ ಜನನಕ್ಕೆ ಮುಂಚಿನಿಂದಲೂ ನನ್ನ ಹೆಸರು ಇದೇ ಆಗಿತ್ತೆಂಬುದಕ್ಕೆ ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಹಾಗೂ ವಿವಾಹ ನೋಂದಣಿ ಪತ್ರದ ಪ್ರತಿಗಳು ಜೊತೆಗಿವೆ.

ಆದುದರಿಂದ 1969ರ ಜನನ ಮರಣ ನೋಂದಣಿ ಅಧಿನಿಯಮದ 15ನೆಯ ಪ್ರಕರಣದಂತೆ ವಿಚಾರಣೆ ನಡೆಸಿ, ನೋಂದಣಿಯ ದಾಖಲೆಯಲ್ಲಿ ಈ ತಿದ್ದುಪಡಿಯನ್ನು ಮಾಡಿ, ತಿದ್ದುಪಡಿಯಾದ ಪ್ರಮಾಣಪತ್ರವನ್ನು ನೀಡಬೇಕೆಂದು ಕೋರುತ್ತೇನೆ. ನಿಗದಿತ ಶುಲ್ಕವನ್ನು ಪಾವತಿಸಲು ಸಿದ್ಧಳಿದ್ದೇನೆ. ಮೂಲ ದಾಖಲೆಗಳನ್ನು ತಾವು ಸೂಚಿಸಿದ ದಿನ ಹಾಜರುಪಡಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಸವಿತಾ ಆರ್.

ಲಗತ್ತುಗಳು:
1. ಜನನ ಪ್ರಮಾಣಪತ್ರದ ಪ್ರತಿ
2. ಆಸ್ಪತ್ರೆಯ ಪತ್ರ, ಜನನ ವರದಿಯ ಪ್ರತಿಯೊಂದಿಗೆ
3. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಪ್ರತಿ
4. ವಿವಾಹ ನೋಂದಣಿ ಪತ್ರದ ಪ್ರತಿ
5. ಹೆಸರಿನ ಇಂಗ್ಲಿಷ್ ರೂಪವನ್ನು ಬರೆದ ಹಾಳೆ

ಪ್ರತಿ ಸಾಲಿನ ಕಾರಣ

ಸಂಬೋಧನೆಯಿಂದಲೇ ಆರಂಭಿಸೋಣ. ಹಿಂದಿನವರು ‘ಮಹಾಶಯರೇ’, ‘ಮಹಾಸ್ವಾಮಿ’ ಎಂದೆಲ್ಲ ಬರೆಯುತ್ತಿದ್ದುದುಂಟು. ‘ಮಾನ್ಯರೇ’ ಎಂಬುದರಲ್ಲಿ ಗೌರವವೂ ಇದೆ, ಒಂದು ಅನುಕೂಲವೂ ಇದೆ: ಕುರ್ಚಿಯಲ್ಲಿರುವವರು ಗಂಡಸೋ ಹೆಂಗಸೋ ಎಂಬ ಶಂಕೆಗೆ ಅದು ಎಡೆಗೊಡುವುದಿಲ್ಲ. ಹಾಗೆಯೇ ಮುಕ್ತಾಯದಲ್ಲಿ ‘ತಮ್ಮ ವಿಧೇಯ ಸೇವಕ’ ಎಂಬ ಹಳೆಯ ಒಕ್ಕಣೆ ಈಗ ಬೇಕಿಲ್ಲ. ‘ವಂದನೆಗಳೊಂದಿಗೆ’ ಎಂದು ನಮಸ್ಕರಿಸಿ, ‘ತಮ್ಮ ವಿಶ್ವಾಸಿ’ ಎಂದು ಸಹಿ ಮಾಡಿದರೆ ಮರ್ಯಾದೆಗೆ ಕುಂದಿಲ್ಲ. ಅರ್ಜಿಯುದ್ದಕ್ಕೂ ‘ತಾವು’, ‘ತಮ್ಮ’ ಎಂದೇ ಇರಬೇಕು. ನಡುವೆ ‘ನೀವು’ ನುಸುಳಿದರೆ ಓದಿಗೆ ಎಡವಿದಂತಾಗುತ್ತದೆ.

ವಿಷಯದ ಸಾಲಿನಲ್ಲಿ ‘ಪ್ರಮಾಣಪತ್ರದ ತಿದ್ದುಪಡಿ’ ಎಂದು ಬರೆಯದೆ ‘ನೋಂದಣಿಯ ದಾಖಲೆಯಲ್ಲಿ ತಿದ್ದುಪಡಿ’ ಎಂದು ಬರೆದುದನ್ನು ಗಮನಿಸಿರಬಹುದು. ನಕಲನ್ನು ಮಾತ್ರ ತಿದ್ದಿದರೆ ಮುಂದೊಂದು ದಿನ ಮತ್ತೊಂದು ನಕಲನ್ನು ಪಡೆದಾಗ ‘ಸರಿತಾ’ ಪುನಃ ಪ್ರತ್ಯಕ್ಷಳಾಗುತ್ತಾಳೆ. ಉಲ್ಲೇಖದ ಸಾಲಿನಲ್ಲಿ ದಿನಾಂಕಗಳ ವಿಷಯದಲ್ಲಿ ಎಚ್ಚರ ಬೇಕು. ಪ್ರಮಾಣಪತ್ರದಲ್ಲಿ ಜನನದ, ನೋಂದಣಿಯ, ಪತ್ರ ನೀಡಿಕೆಯ ದಿನಾಂಕಗಳೆಂದು ಮೂರಿರುತ್ತವೆ. ಪುಸ್ತಕದಲ್ಲಿ ದಾಖಲೆಯನ್ನು ಹುಡುಕಲು ಬೇಕಾದುದು ನೋಂದಣಿಯ ಸಂಖ್ಯೆ ಮತ್ತು ನೋಂದಣಿಯ ದಿನಾಂಕ. ಪತ್ರ ನೀಡಿದ 2012ನೆಯ ಇಸವಿಯನ್ನಷ್ಟೇ ಕೊಟ್ಟರೆ, ಗುಮಾಸ್ತನು ಆ ವರ್ಷದ ಪುಸ್ತಕವನ್ನು ಹುಡುಕಿ, ‘ದಾಖಲೆ ಕಂಡುಬಂದಿಲ್ಲ’ ಎಂದು ಷರಾ ಬರೆದಾನು.

‘ಎಂದಿದೆ’, ‘ಎಂದಿರಬೇಕು’ ಎಂಬ ಎರಡು ಪುಟ್ಟ ವಾಕ್ಯಗಳು ಈ ಅರ್ಜಿಯ ಪ್ರಾಣ. ಅಧಿಕಾರಿಯು ತನ್ನ ಆದೇಶದಲ್ಲಿ ಅವನ್ನೇ ಎತ್ತಿಕೊಳ್ಳಬಹುದು. ‘ಉಳಿದ ವಿವರಗಳು ಸರಿಯಾಗಿವೆ’ ಎಂಬ ಮಾತನ್ನು ಬರೆಯುವ ಮುನ್ನ ತಂದೆಯ ಹೆಸರು, ವಿಳಾಸ, ಲಿಂಗ, ದಿನಾಂಕ ಎಲ್ಲವನ್ನೂ ಓದಿ ನೋಡಿರಬೇಕು. ಎರಡು ತಪ್ಪುಗಳಿದ್ದರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಹೇಳಬಹುದು.

ಮಗಳು ಹುಟ್ಟುವುದಕ್ಕೆ ಮುಂಚಿನ ಕಾಗದಗಳನ್ನು ಲಗತ್ತಿಸಿದ್ದಕ್ಕೂ ಕಾರಣವಿದೆ. ತಿದ್ದುಪಡಿಯೆಂದರೆ ದಾಖಲೆಯಾದ ದಿನ ಸತ್ಯವಾಗಿದ್ದುದನ್ನು ಸತ್ಯವಾಗಿ ಬರೆಯುವುದು. ಅನಂತರ ಬದಲಾದುದನ್ನು ಸೇರಿಸುವುದಲ್ಲ. ನಿನ್ನೆ ಮೊನ್ನೆ ಮಾಡಿಸಿದ ಗುರುತಿನ ಚೀಟಿ ಇಂದಿನ ಹೆಸರನ್ನು ಹೇಳುತ್ತದೆ, 2011ರ ಹೆಸರನ್ನಲ್ಲ. ಹಳೆಯ ಕಾಗದಕ್ಕೆ ಇಲ್ಲಿ ಹೆಚ್ಚು ಬೆಲೆ.

ಅಜ್ಜಿ ಹೇಳಿದ ಹೆಸರು

ಮೂರನೆಯ ಬಗೆಯ ತಪ್ಪಾದರೆ, ಎಂದರೆ ವರದಿಯಲ್ಲಿಯೇ ‘ಪುಟ್ಟಮ್ಮ’ ಎಂದಿದ್ದರೆ, ಮೇಲಿನ ಅರ್ಜಿಯ ಮೂರನೆಯ ಖಂಡಿಕೆಯನ್ನು ಬದಲಿಸಬೇಕು. “ಆಸ್ಪತ್ರೆಯಲ್ಲಿ ಮಾಹಿತಿ ನೀಡುವಾಗ ಮನೆಯಲ್ಲಿ ಕರೆಯುವ ಹೆಸರನ್ನು ತಿಳಿಸಿದುದರಿಂದ ದಾಖಲೆಯಲ್ಲಿ ‘ಪುಟ್ಟಮ್ಮ’ ಎಂದಾಗಿದೆ. ಆ ದಿನದಂದೂ ನನ್ನ ನಿಜವಾದ ಹೆಸರು ‘ಸವಿತಾ ಆರ್.’ ಎಂದೇ ಆಗಿತ್ತು” ಎಂದು ಸಂಗತಿಯನ್ನು ನೇರವಾಗಿ ಹೇಳಿಬಿಡುವುದೇ ಮೇಲು. ಇದರ ಜೊತೆಗೆ, ವಿಷಯವನ್ನು ಬಲ್ಲ ಇಬ್ಬರು ನಂಬಿಕಸ್ಥರ ಘೋಷಣೆಗಳನ್ನು ನಿಯಮಗಳು ಕೇಳುತ್ತವೆ. ಕಚೇರಿಗಳು ಸಾಮಾನ್ಯವಾಗಿ ಇವನ್ನು ನೋಟರಿಯ ಮುಂದೆ ಪ್ರಮಾಣಮಾಡಿದ ಪತ್ರಗಳಾಗಿ ಬಯಸುತ್ತವೆ.

ಅರ್ಜಿಗಳು ಬಹಳವಾಗಿ ಮುಗ್ಗರಿಸುವುದು ಇಲ್ಲಿಯೇ. ಬೆರಳಚ್ಚಿನ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಪತ್ರದಲ್ಲಿ, “ಪುಟ್ಟಮ್ಮ ಮತ್ತು ಸವಿತಾ ಎಂಬ ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವು” ಎಂದಿರುತ್ತದೆ. ಓದಲು ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಅದರ ಅರ್ಥವೇನು? ದಾಖಲೆಯಲ್ಲಿರುವ ಹೆಸರೂ ಸರಿ, ಇದೂ ಸರಿ ಎಂದಾಯಿತು. ಎರಡೂ ಸರಿಯಾದ ಮೇಲೆ ಅಧಿಕಾರಿ ತಿದ್ದುವುದೇನನ್ನು? ಘೋಷಣೆಯಲ್ಲಿ ಎರಡು ಸಂಗತಿಗಳು ಇರಲೇಬೇಕು: ತಪ್ಪು ಯಾವ ಬಗೆಯದು, ಮತ್ತು ನಿಜವಾದ ಸಂಗತಿ ಏನು. ಅದನ್ನು ಬರೆದುಕೊಡುವವರು, ತಮಗೆ ಅದು ಹೇಗೆ ಗೊತ್ತೆಂಬುದನ್ನೂ ಹೇಳಬೇಕು. ತಾಯಿಯ ಸೋದರಮಾವನಾದರೆ, “ಹುಟ್ಟಿದಾಗಿನಿಂದ ಇವಳನ್ನು ಬಲ್ಲೆ, ಶಾಲೆಗೆ ಸೇರಿಸಿದಾಗ ಸವಿತಾ ಎಂದೇ ಬರೆಸಿದ್ದು ನನಗೆ ತಿಳಿದಿದೆ” ಎಂದು ಹೇಳಬಲ್ಲರು. ಬೀದಿಯಲ್ಲಿ ಸಿಕ್ಕಿದವರು ಸಹಿ ಹಾಕಿದ ಪತ್ರಕ್ಕೆ ಈ ತೂಕ ಬರದು.

ಇನ್ನೊಂದು ಭೇದವನ್ನು ನೆನಪಿಡುವುದು ಒಳ್ಳೆಯದು. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯಾಗಿದ್ದರೆ ಅದು ತಪ್ಪಲ್ಲ, ಕೊರತೆ. ಅದಕ್ಕೆ ತಿದ್ದುಪಡಿಯ ಅರ್ಜಿ ಬೇಡ. 14ನೆಯ ಪ್ರಕರಣದಂತೆ ಹೆಸರು ಸೇರಿಸುವ ಅರ್ಜಿ ಬೇಕು. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಇದು ಶುಲ್ಕವಿಲ್ಲದೆ ಆಗುತ್ತದೆ. ಅನಂತರ, ಹದಿನೈದು ವರ್ಷಗಳವರೆಗೆ, ವಿಳಂಬ ಶುಲ್ಕ ತೆರಬೇಕಾಗುತ್ತದೆ.

ಕೊಟ್ಟ ಮೇಲೆ

ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ, ಸಂಖ್ಯೆಗಳನ್ನು ಹಾಕಿಸಿಕೊಂಡು ಬರಬೇಕು. ಮೂಲ ಕಾಗದಗಳನ್ನು ತೋರಿಸಬೇಕೇ ಹೊರತು ಬಿಟ್ಟುಬರಬಾರದು. ಉತ್ತರ ಬಾರದಿದ್ದರೆ ಹೊಸ ಅರ್ಜಿಯನ್ನು ಬರೆಯುವುದು ಬೇಡ. ಹೊಸ ಅರ್ಜಿಯೆಂದರೆ ಹೊಸ ಕಡತ. ಹಳೆಯ ಸ್ವೀಕೃತಿಯ ಸಂಖ್ಯೆಯನ್ನು ಉಲ್ಲೇಖಿಸಿ ನಾಲ್ಕು ಸಾಲಿನ ನೆನಪೋಲೆ ಕಳುಹಿಸಿದರೆ ಅದು ಅದೇ ಕಡತವನ್ನು ಸೇರುತ್ತದೆ.

ಅರ್ಜಿಯನ್ನು ತಿರಸ್ಕರಿಸಿದರೆ, ಕಾರಣ ಸಹಿತವಾದ ಲಿಖಿತ ಆದೇಶವನ್ನು ಕೇಳಿ ಪಡೆಯಬೇಕು. 2023ರಲ್ಲಿ ಅಧಿನಿಯಮಕ್ಕೆ ಆದ ತಿದ್ದುಪಡಿಯ ಪ್ರಕಾರ, ನೋಂದಣಾಧಿಕಾರಿಯ ಆದೇಶದಿಂದ ನೊಂದವರು ಅದು ಕೈಸೇರಿದ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು 90 ದಿನಗಳೊಳಗೆ ತೀರ್ಮಾನಿಸಬೇಕು. ಬಾಯಿಮಾತಿನ ‘ಆಗೋದಿಲ್ಲ’ ಎಂಬುದರ ಮೇಲೆ ಮೇಲ್ಮನವಿಯನ್ನು ನಿಲ್ಲಿಸುವುದು ಕಷ್ಟ.

ಅರ್ಜಿ ಒಪ್ಪಿಗೆಯಾದರೆ ಪುಸ್ತಕದಲ್ಲಿ ನಡೆಯುವುದೇನು? ಹಳೆಯ ಹೆಸರನ್ನು ಅಳಿಸುವುದಿಲ್ಲ, ಹೊಡೆದುಹಾಕುವುದೂ ಇಲ್ಲ. ಮೂಲ ಬರಹವನ್ನು ಹಾಗೆಯೇ ಬಿಟ್ಟು, ಅದರ ಅಂಚಿನಲ್ಲಿ ಸರಿಯಾದುದನ್ನು ಬರೆದು, ಅಧಿಕಾರಿಯು ಸಹಿ ಮಾಡಿ ದಿನಾಂಕ ಹಾಕಬೇಕೆಂದು 15ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ಯಾರಾದರೂ “ಕೊಡಿ ಸ್ವಾಮಿ, ಇದರ ಮೇಲೆಯೇ ಶಾಯಿಯಲ್ಲಿ ತಿದ್ದಿಕೊಡುತ್ತೇನೆ” ಎಂದರೆ, ಅಂಥ ಉಪಕಾರವನ್ನು ವಿನಯದಿಂದಲೇ ನಿರಾಕರಿಸಬೇಕು. ತಿದ್ದಿ ಬರೆದ ಪ್ರಮಾಣಪತ್ರ ಮುಂದಿನ ಕಚೇರಿಯಲ್ಲಿ ಅನುಮಾನಕ್ಕೆ ಗುರಿಯಾಗುತ್ತದೆ. ಪುಸ್ತಕದಲ್ಲಿರುವುದಕ್ಕೂ ಅದಕ್ಕೂ ತಾಳೆಯಾಗದು.

ಹೊಸ ಪತ್ರ ಕೈಗೆ ಬಂದೊಡನೆ, ಕಿಟಕಿಯ ಮುಂದಿನಿಂದ ಕದಲುವ ಮೊದಲೇ, ತಾಯಿಯ ಹೆಸರನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ, ಅಕ್ಷರ ಅಕ್ಷರವಾಗಿ ಓದಿನೋಡಬೇಕು. ಆಮೇಲೆ ತಂದೆಯ ಹೆಸರು, ಜನನದ ದಿನಾಂಕ, ನೋಂದಣಿಯ ಸಂಖ್ಯೆ. ಒಂದು ತಪ್ಪನ್ನು ತಿದ್ದಿ ಹೊಸದಾಗಿ ಅಚ್ಚುಮಾಡುವಾಗ ಇನ್ನೊಂದು ನುಸುಳುವುದುಂಟು. ಅಲ್ಲಿಯೇ ಕಂಡರೆ ಅದು ಐದು ನಿಮಿಷದ ಕೆಲಸ. ಮನೆಗೆ ಬಂದ ಮೇಲೆ ಕಂಡರೆ ಮತ್ತೊಂದು ಅರ್ಜಿ.